ಪ್ರೂಫ್‌ನಲ್ಲಿ ಲೋಗೋ ನೇರಳೆ ಆಗಿದೆ, ಪ್ರೆಸ್‌ಗೆ ಏನಂತ ಬರೆಯಲಿ?

ಪ್ರಶ್ನೆ: ನಮ್ಮ ಸಹಕಾರ ಸಂಘದ ವಾರ್ಷಿಕ ವರದಿಯನ್ನು ಪ್ರಿಂಟಿಗೆ ಕೊಟ್ಟಿದ್ದೇವೆ. ಪ್ರೂಫ್ ಪಿಡಿಎಫ್ ಬಂದಿದೆ. ನಮ್ಮ ಲೋಗೋ ನೀಲಿ, ಆದರೆ ಮುಖಪುಟದಲ್ಲಿ ನೇರಳೆ ಥರ ಕಾಣುತ್ತಿದೆ. ಫೋನ್ ಮಾಡಿದರೆ, "ಮೊಬೈಲಲ್ಲಿ ಹಾಗೇ ಕಾಣೋದು ಸಾರ್, ಪ್ರಿಂಟಲ್ಲಿ ಸರಿ ಬರುತ್ತೆ" ಅನ್ನುತ್ತಾರೆ. ಸರಿ ಮಾಡಿದ ಫೈಲ್ ಕಳಿಸಿ ಅಂತ ಪತ್ರ ಬರೆಯಬೇಕು. ಹೇಗೆ ಬರೆಯಲಿ?

ಉತ್ತರ: ಪ್ರೆಸ್‌ನವರ ಮಾತು ಪೂರ್ತಿ ಸುಳ್ಳಲ್ಲ. ಮೊಬೈಲ್ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಪ್ರೆಸ್ ಶಾಯಿಯಿಂದ. ಎರಡೂ ಒಂದೇ ಥರ ಇರುವುದಿಲ್ಲ. ಆದರೆ ಅದನ್ನೇ ನೆಪ ಮಾಡಿಕೊಂಡು ಫೈಲ್‌ನ ತಪ್ಪೂ ದಾಟಿಹೋಗಬಹುದು. ಹಾಗಾಗಿ ಪತ್ರಕ್ಕೆ ಮೊದಲು ಐದು ನಿಮಿಷದ ಒಂದು ಪರೀಕ್ಷೆ ಮಾಡಿ.

ಪ್ರೂಫ್‌ನಲ್ಲಿ ಲೋಗೋ ಇನ್ನೆಲ್ಲಾದರೂ ಬಂದಿದೆಯಾ ನೋಡಿ. ಸಾಮಾನ್ಯವಾಗಿ ಹಿಂಬದಿ ರಕ್ಷಾಪುಟದಲ್ಲಿ ಇರುತ್ತದೆ. ಅದೇ ಮೊಬೈಲಿನಲ್ಲಿ, ಅದೇ ಪಿಡಿಎಫ್‌ನಲ್ಲಿ ಹಿಂಬದಿಯ ಲೋಗೋ ನೀಲಿ, ಮುಂದಿನದು ನೇರಳೆ ಎಂದಾದರೆ ತಪ್ಪು ಸ್ಕ್ರೀನಿನದಲ್ಲ, ಫೈಲಿನದು. ಹಿಂಬದಿಯಲ್ಲಿ ಲೋಗೋ ಇಲ್ಲದಿದ್ದರೆ, ಸರಿಯಾಗಿ ಪ್ರಿಂಟಾಗಿದ್ದ ಹೋದ ವರ್ಷದ ವರದಿಯ ಪಿಡಿಎಫ್ ತೆರೆದು ಹೋಲಿಸಿ. ಒಂದೇ ಪರದೆಯಲ್ಲಿ ಎರಡೂ ಬೇರೆ ಬೇರೆ ಕಂಡರೆ "ಮೊಬೈಲಲ್ಲಿ ಹಾಗೇ ಕಾಣೋದು" ಎಂಬ ಮಾತು ನಿಲ್ಲುವುದಿಲ್ಲ.

ನೀಲಿ ನೇರಳೆಯಾಗುವುದು ಪ್ರೆಸ್‌ಗಳಲ್ಲಿ ಹಳೆಯ ಕಾಯಿಲೆ. ಪ್ರಿಂಟಿನಲ್ಲಿ ಬಳಸುವುದು ನಾಲ್ಕು ಶಾಯಿ: ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ಗಾಢ ಗುಲಾಬಿ, ಹಳದಿ, ಕಪ್ಪು. ಪ್ರತಿಯೊಂದರ ಪ್ರಮಾಣ 0ರಿಂದ 100. ನೀಲಿ ಬರುವುದು ಸಯಾನ್ ಜಾಸ್ತಿ, ಮಜೆಂಟಾ ಕಡಿಮೆ ಇದ್ದಾಗ. ಮಜೆಂಟಾ ಸಯಾನ್‌ನ ಹತ್ತಿರಕ್ಕೆ ಬಂದಷ್ಟೂ ಬಣ್ಣ ನೇರಳೆಗೆ ವಾಲುತ್ತದೆ. ಎರಡರ ನಡುವೆ ಕನಿಷ್ಠ 30ರ ಅಂತರ ಇರಲಿ ಎಂಬುದು ಡಿಸೈನರ್‌ಗಳ ಲೆಕ್ಕ. ವಾಟ್ಸಾಪಿನಲ್ಲೋ ವೆಬ್‌ಸೈಟಿನಲ್ಲೋ ಸಿಕ್ಕ ಜೆಪೆಗ್ ಲೋಗೋದ ಹೊಳೆಯುವ ನೀಲಿ ಪರದೆಗೆಂದು ಮಾಡಿದ ಬಣ್ಣ. ಅದನ್ನು ಸಾಫ್ಟ್‌ವೇರ್ ತಾನೇ ನಾಲ್ಕು ಶಾಯಿಗೆ ಬದಲಿಸಿದಾಗ ಮಜೆಂಟಾ ಏರಿಬಿಡುತ್ತದೆ. ನಿಮ್ಮಲ್ಲೂ ಇದೇ ಆಗಿರಬಹುದು: ಹಿಂಬದಿ ಪುಟ ಹೋದ ವರ್ಷದ ಫೈಲಿನಿಂದ ಬಂದಿದೆ, ಮುಖಪುಟಕ್ಕೆ ಯಾರೋ ಜೆಪೆಗ್ ಅಂಟಿಸಿದ್ದಾರೆ.

ಆ "ಯಾರೋ" ನೀವೇ ಅಲ್ಲ ತಾನೇ? ಪತ್ರಕ್ಕೆ ಮುಂಚೆ ನೀವು ಕಳಿಸಿದ್ದ ಮೇಲ್ ತೆಗೆದು ನೋಡಿ. ನಾನೊಮ್ಮೆ ಪ್ರೆಸ್‌ನವರನ್ನು ಚೆನ್ನಾಗಿ ದಬಾಯಿಸಿ, ಆಮೇಲೆ ನೋಡಿದರೆ ಡಿಪಿಯಿಂದ ತೆಗೆದ ಲೋಗೋ ಕಳಿಸಿದ್ದವನು ನಾನೇ!

ಈಗ ಪತ್ರ. "ಬಣ್ಣ ಸರಿಯಿಲ್ಲ", "ಸ್ವಲ್ಪ ಡಾರ್ಕ್ ಮಾಡಿ" ಎಂದು ಬರೆದರೆ ಕಂಪ್ಯೂಟರ್ ಮುಂದೆ ಕೂತವರು ತಮಗೆ ತೋಚಿದಷ್ಟು ಬದಲಿಸುತ್ತಾರೆ. ನಾಲ್ಕು ಶಾಯಿಯ ಸಂಖ್ಯೆ ಕೊಟ್ಟರೆ ಊಹೆಗೆ ಜಾಗವೇ ಇಲ್ಲ. ಆ ಸಂಖ್ಯೆ ಲೋಗೋ ಮಾಡಿದವರ ಹತ್ತಿರ ಇರುತ್ತದೆ, ಕೇಳಿ ಪಡೆಯಿರಿ. ಅವರು ಸಿಗದಿದ್ದರೆ ಸರಿಯಾಗಿ ಪ್ರಿಂಟಾದ ಹಳೆಯ ಪ್ರತಿಯನ್ನು ಪ್ರೆಸ್‌ಗೆ ಒಯ್ದು, ಅವರ ಕಲರ್ ಚಾರ್ಟ್ ಪಕ್ಕ ಹಗಲು ಬೆಳಕಿನಲ್ಲಿ ಇಟ್ಟು, ಹೊಂದುವ ಚೌಕದ ಸಂಖ್ಯೆ ಬರೆದುಕೊಳ್ಳಿ. ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ನೀಲಿಯ ವಿಷಯದಲ್ಲಿ ಅದು ಮೋಸ ಮಾಡುತ್ತದೆ.

ಮಾದರಿಗೆ ಸಂಖ್ಯೆ C100 M65 Y0 K10, ಅಂದರೆ ಸಯಾನ್ 100, ಮಜೆಂಟಾ 65, ಹಳದಿ 0, ಕಪ್ಪು 10 ಎಂದಿಟ್ಟುಕೊಳ್ಳೋಣ. ಪತ್ರ ಹೀಗಿರಲಿ:

"ಮಾನ್ಯರೇ,

ವಿಷಯ: ವಾರ್ಷಿಕ ವರದಿ (24 ಪುಟ, 600 ಪ್ರತಿ), ಮುಖಪುಟದ ಲೋಗೋ ಬಣ್ಣ ಸರಿಪಡಿಸುವ ಬಗ್ಗೆ.

ತಾವು ನಿನ್ನೆ ಸಂಜೆ ಕಳಿಸಿದ ಪ್ರೂಫ್ ನೋಡಿದೆವು. ಮುಖಪುಟದ ಲೋಗೋ ನೇರಳೆ ಛಾಯೆಯಲ್ಲಿದೆ. ಅದೇ ಪಿಡಿಎಫ್‌ನ ಹಿಂಬದಿ ರಕ್ಷಾಪುಟದಲ್ಲಿ ಅದೇ ಲೋಗೋ ಸರಿಯಾದ ನೀಲಿಯಲ್ಲಿದೆ. ಎರಡನ್ನೂ ಒಂದೇ ಪರದೆಯಲ್ಲಿ ಹೋಲಿಸಿದ್ದೇವೆ. ಹಾಗಾಗಿ ಇದು ಫೈಲ್‌ನಲ್ಲೇ ಇರುವ ವ್ಯತ್ಯಾಸ ಎಂದು ತೋರುತ್ತದೆ.

ಲೋಗೋದ ನೀಲಿ C100 M65 Y0 K10 ಇರಬೇಕು. ಲೋಗೋದ ಮೂಲ ಫೈಲ್ ಲಗತ್ತಿಸಿದ್ದೇವೆ. ಮುಖಪುಟದಲ್ಲಿ ಈಗಿರುವ ಲೋಗೋ ತೆಗೆದು ಇದನ್ನು ಹಾಕಿ. ಉಳಿದ ಯಾವುದನ್ನೂ ಬದಲಿಸುವುದು ಬೇಡ.

ಸರಿಪಡಿಸಿದ ಪಿಡಿಎಫ್ ಅನ್ನು ಗುರುವಾರ ಸಂಜೆಯೊಳಗೆ, ಹೆಸರಿನ ಕೊನೆಗೆ v2 ಎಂದು ಸೇರಿಸಿ, ಮೇಲ್‌ಗೆ ಕಳಿಸಿಕೊಡಿ. ನಾವು ಬರಹದಲ್ಲಿ ಒಪ್ಪಿಗೆ ಕೊಡುವವರೆಗೆ ಪ್ಲೇಟ್ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಇಂದೇ ತಿಳಿಸಿ.

ವಂದನೆಗಳೊಂದಿಗೆ,
ಕಾರ್ಯದರ್ಶಿ"

ಇಷ್ಟೇ ಸಾಕು. ಯಾರ ತಪ್ಪು ಎಂಬ ವಾದ ಇದರಲ್ಲಿಲ್ಲ, ಬೇಕಾಗಿಯೂ ಇಲ್ಲ. ನಾಳೆಯೂ ಅವರ ಹತ್ತಿರವೇ ಹೋಗಬೇಕಲ್ವಾ? ಆದರೆ ಜೆಪೆಗ್ ಕಳಿಸಿದ್ದು ನೀವೇ ಆಗಿದ್ದರೆ "ನಾವು ಮೊದಲು ಕಳಿಸಿದ ಲೋಗೋ ಪ್ರಿಂಟಿಗೆ ಸರಿಯಾದದ್ದಲ್ಲ" ಎಂದು ಒಂದು ಸಾಲು ಸೇರಿಸಿ.

ಪ್ಲೇಟ್‌ನ ಸಾಲು ಮಾತ್ರ ಬಿಡಬೇಡಿ. ಆಫ್‌ಸೆಟ್ ಮುದ್ರಣದಲ್ಲಿ ಪ್ರತಿ ಶಾಯಿಗೂ ಒಂದು ಪ್ಲೇಟ್, ಅಂದರೆ ಅಚ್ಚಿನ ತಗಡು, ಬೇಕು. ಬಣ್ಣದ ಪ್ರಮಾಣ ಪ್ಲೇಟ್‌ನಲ್ಲೇ ಕೂತುಬಿಡುತ್ತದೆ. ಮೆಷಿನ್‌ನಲ್ಲಿ ಶಾಯಿ ಹೆಚ್ಚು ಕಡಿಮೆ ಮಾಡಬಹುದು ನಿಜ. ಆದರೆ ಲೋಗೋಗಾಗಿ ಮಜೆಂಟಾ ಇಳಿಸಿದರೆ ಅದೇ ಸಾಲಿನಲ್ಲಿರುವ ಅಧ್ಯಕ್ಷರ ಫೋಟೋದಲ್ಲಿ ಮುಖದ ಕೆಂಪೂ ಇಳಿಯುತ್ತದೆ. ಪ್ಲೇಟ್ ಆದ ಮೇಲೆ ಫೈಲ್ ತಿದ್ದಿದರೆ ಹೊಸ ಪ್ಲೇಟ್‌ನ ಖರ್ಚು ಯಾರದು ಎಂಬ ಜಗಳ ಶುರು.

"ಉಳಿದ ಯಾವುದನ್ನೂ ಬದಲಿಸುವುದು ಬೇಡ" ಎಂದದ್ದೂ ಸುಮ್ನೆ ಅಲ್ಲ. ಕೆಲವು ಸಲ ಅವಸರದಲ್ಲಿ ಪೂರ್ತಿ ಫೈಲನ್ನೇ ಒಂದೇ ಏಟಿಗೆ ಕನ್ವರ್ಟ್ ಮಾಡುತ್ತಾರೆ. ಆಗ ಬರೀ ಕಪ್ಪು ಶಾಯಿಯಲ್ಲಿದ್ದ ಅಕ್ಷರ ನಾಲ್ಕೂ ಶಾಯಿಯ ಮಿಶ್ರಣವಾಗಬಹುದು. ಮೆಷಿನ್‌ನಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರಗಳ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ನಮ್ಮ ಒತ್ತಕ್ಷರಗಳು ಮೊದಲೇ ಸಣ್ಣವು, ಓದುವುದೇ ಕಷ್ಟವಾಗುತ್ತದೆ.

v2 ಬಂದಾಗ ಮೊದಲು ಮುಂದಿನ ಮತ್ತು ಹಿಂದಿನ ಲೋಗೋ ಹೋಲಿಸಿ. ಜೂಮ್ ಮಾಡಿದಾಗ ಅಂಚು ಚೂಪಾಗಿದ್ದರೆ ಮೂಲ ಫೈಲ್ ಹಾಕಿದ್ದಾರೆ. ಮಸುಕಾಗಿದ್ದರೆ ಹಳೆಯ ಜೆಪೆಗ್‌ಗೇ ಬಣ್ಣ ಬಳಿದಿದ್ದಾರೆ, ವಾಪಸ್ ಕಳಿಸಿ. ಪಿಡಿಎಫ್ ಒಳಗಿನ ಶಾಯಿ ಸಂಖ್ಯೆ ನಿಮ್ಮ ಮೊಬೈಲಿನಲ್ಲಿ ಕಾಣುವುದಿಲ್ಲ. ಪ್ರೆಸ್‌ಗೆ ಹೋದಾಗ ಕೇಳಿದರೆ ಅವರ ಕಂಪ್ಯೂಟರಿನಲ್ಲಿ ಲೋಗೋ ಮೇಲೆ ಕರ್ಸರ್ ಇಟ್ಟು ತೋರಿಸುತ್ತಾರೆ.

ಇಷ್ಟೆಲ್ಲ ಮಾಡಿದರೂ ಕಾಗದದ ಪಾಲು ಉಳಿದೇ ಇರುತ್ತದೆ. ಒಂದೇ ಸಂಖ್ಯೆಯ ನೀಲಿ ನುಣುಪಾದ ಆರ್ಟ್ ಪೇಪರ್ ಮೇಲೆ ಹೊಳೆಯುತ್ತದೆ, ಹೊಳಪಿಲ್ಲದ ಮ್ಯಾಪ್ಲಿಥೋ ಕಾಗದ ಶಾಯಿ ಹೀರಿಕೊಳ್ಳುವುದರಿಂದ ಅದರ ಮೇಲೆ ಮಂಕಾಗುತ್ತದೆ. ಲೆಟರ್‌ಹೆಡ್‌ನ ನೀಲಿಯೂ ವರದಿಯ ಮುಖಪುಟದ ನೀಲಿಯೂ ತದ್ರೂಪ ಇಲ್ಲವೆಂದು ಇನ್ನೊಂದು ಪತ್ರ ಬರೆಯಲು ಹೋಗಬೇಡಿ.

ಎಲ್ಲ ಸರಿಯಿದ್ದರೆ ವಾಟ್ಸಾಪಿನಲ್ಲಿ ಬರೀ ಹೆಬ್ಬೆರಳು ಕಳಿಸಬೇಡಿ. ಅದು ಯಾವ ಫೈಲಿಗೆ ಎಂದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. "v2 ಫೈಲ್‌ಗೆ ಒಪ್ಪಿಗೆ ಇದೆ, ಪ್ರಿಂಟ್ ಮಾಡಿ" ಎಂದು ಅದೇ ಮೇಲ್‌ಗೆ ಉತ್ತರ ಬರೆಯಿರಿ.