ರಿವರ್ಟ್: ಉತ್ತರ ಕೊಟ್ಟರೋ, ಪ್ಯಾಚ್ ಕಿತ್ತರೋ?

ಪುಣೆಯ ಹಿಂಜವಡಿಯಲ್ಲಿ ಸಪೋರ್ಟ್ ಎಂಜಿನಿಯರ್ ಆಗಿರುವ ನಮ್ಮ ಧಾರವಾಡದ ಹುಡುಗನೊಬ್ಬ ಮೊನ್ನೆ ರಾತ್ರಿ, ಬಗೆಹರಿಯದ ತೊಂದರೆಯನ್ನು ಮೇಲಿನವರಿಗೆ ಮುಟ್ಟಿಸುವ ಎಸ್ಕಲೇಷನ್ ಮೇಲ್‌ನ ಕರಡು ಕಳಿಸಿದ. ‘ಅಕ್ಕಾ, ಸೀನಿಯರ್ ಮ್ಯಾನೇಜರ್‌ಗೆ ಹೋಗೂದದ, ಸ್ಪೆಲಿಂಗ್ ಅಷ್ಟ ನೋಡ್ರಿ.’ ಸ್ಪೆಲಿಂಗ್ ಸರಿಯಾಗಿಯೇ ಇತ್ತು. ಆರು ಸಾಲಿನಲ್ಲಿ ನಾಲ್ಕು ಸಲ ‘ರಿವರ್ಟ್’ ಇತ್ತು.

ಲ್ಯಾಟಿನ್‌ನಲ್ಲಿ ‘ವರ್ಟೆರೆ’ ಎಂದರೆ ತಿರುಗು, ‘ರೆ’ ಎಂದರೆ ಹಿಂದಕ್ಕೆ. ರಿವರ್ಸ್, ಕನ್ವರ್ಟ್ ಎಲ್ಲ ಅದೇ ಬೇರಿನವು. ಗೇಣಿಯ ಅವಧಿ ಮುಗಿದು ಜಮೀನು ಮೂಲ ಒಡೆಯನಿಗೆ ಮರಳುವುದು ರಿವರ್ಟ್. ಬಿಟ್ಟ ಚಟಕ್ಕೆ ಮತ್ತೆ ಬೀಳುವುದೂ ರಿವರ್ಟ್. ‘ಉತ್ತರಿಸು’ ಎಂಬ ಅರ್ಥ ನಮ್ಮ ಆಫೀಸುಗಳಲ್ಲಿ ಬೆಳೆದದ್ದು. ಬೆಳೆಯಲಿ, ತಕರಾರಿಲ್ಲ, ಮಾಮೂಲಿ ಆಫೀಸ್ ಮೇಲ್‌ನಲ್ಲಿ ಯಾರೂ ಅದರಿಂದ ಮೋಸಹೋಗುವುದಿಲ್ಲ. (‘ರಿವರ್ಟ್ ಬ್ಯಾಕ್’ ಮಾತ್ರ ನನ್ನ ಕಣ್ಣಿಗೆ ಬೀಳದಿರಲಿ.)

ಸಾಫ್ಟ್‌ವೇರ್‌ನಲ್ಲಿ ಹಾಗಲ್ಲ. ಅಲ್ಲಿ ಹಳೆಯ ಅರ್ಥ ಇವತ್ತಿಗೂ ದಿನಗೂಲಿ ಮಾಡುತ್ತಿದೆ. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ `git revert` ಕೊಟ್ಟರೆ ಹಿಂದಿನ ಬದಲಾವಣೆಯನ್ನು ರದ್ದುಮಾಡುವ ಹೊಸ ಕಮಿಟ್, ಅಂದರೆ ಹೊಸ ದಾಖಲೆ, ಒಂದು ಸೇರುತ್ತದೆ. ಯಾರಿಗೂ ಉತ್ತರ ಹೋಗುವುದಿಲ್ಲ.

ಪ್ಯಾಚ್ ಎಂದರೆ ಸಾಫ್ಟ್‌ವೇರ್‌ನ ತಪ್ಪು ಸರಿಪಡಿಸಲು ಹಾಕುವ ತೇಪೆ. ಹುಡುಗ ಬರೆದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: ‘12ಕ್ಕೆ ಪ್ಯಾಚ್ ಹಾಕಿದೆವು. 14ಕ್ಕೆ ಗ್ರಾಹಕರು ರಿವರ್ಟ್ ಮಾಡಿದರು. ತೊಂದರೆ ಹಾಗೇ ಇದೆ.’ ಗ್ರಾಹಕರ ದೂರಿನ ಟಿಕೆಟ್ ತೆರೆದೂ ನೋಡದ ಮ್ಯಾನೇಜರ್ ಇದನ್ನು ಹೇಗೆ ಓದುತ್ತಾರೆ? ಗ್ರಾಹಕರೇ ಪ್ಯಾಚ್ ತೆಗೆದುಹಾಕಿದ್ದಾರೆ, ತೊಂದರೆ ಇರದೆ ಇನ್ನೇನು, ಮತ್ತೆ ಹಾಕಲು ಹೇಳಿ ಎಂದು. ತಪ್ಪು ಗ್ರಾಹಕರ ತಲೆಗೆ. ಫೋನಿನಲ್ಲಿ ಕೇಳಿದರೆ ವಿಷಯ ತಿರುಗಾಮುರುಗಾ: ಪ್ಯಾಚ್ ಇದ್ದಲ್ಲೇ ಇದೆ, ಅದು ಕೆಲಸ ಮಾಡಿಲ್ಲ ಎಂದು 14ಕ್ಕೆ ಅವರು ಉತ್ತರ ಬರೆದಿದ್ದಾರೆ. ಅಂದರೆ ಚೆಂಡು ನಮ್ಮ ಡೆವಲಪರ್‌ಗಳ ಅಂಗಳದಲ್ಲಿದೆ. ಎಸ್ಕಲೇಷನ್ ಬೇಕಾದದ್ದೇ ಅದಕ್ಕೆ!

ಮುಂದಿನ ಸಾಲು ಇನ್ನೂ ಚೆಂದ: ‘ಡೆವಲಪರ್ ಟೀಮ್ ಇನ್ನೂ ರಿವರ್ಟ್ ಮಾಡಿಲ್ಲ.’ ಇದನ್ನು ಓದಿ ಯಾರಾದರೂ ಗಾಬರಿಯಿಂದ ಪ್ಯಾಚ್ ಕಿತ್ತುಹಾಕಿಸಿದರೆ ಬೈಯುವುದು ಯಾರನ್ನು? ಅವನು ಹೇಳಹೊರಟದ್ದು ಟೀಮ್ ಜವಾಬು ಕೊಟ್ಟಿಲ್ಲ ಎಂದಷ್ಟೆ.

ನಾನು ತಿದ್ದಿದ್ದು ಇಷ್ಟು: ‘14ರ ಬೆಳಿಗ್ಗೆ ಗ್ರಾಹಕರು ಉತ್ತರಿಸಿದ್ದಾರೆ: ಪ್ಯಾಚ್ ಇದ್ದೂ ಇನ್‌ವಾಯ್ಸ್ ಎಕ್ಸ್‌ಪೋರ್ಟ್ ಮಾಡುವಾಗ ಅದೇ ಎರರ್ ಬರುತ್ತಿದೆ. ಲಾಗ್ ಅಂದೇ ಡೆವಲಪರ್ ಟೀಮ್‌ಗೆ ಕಳಿಸಿದೆ, ಉತ್ತರ ಬಂದಿಲ್ಲ.’ ಯಾರು, ಯಾವಾಗ, ಏನು ಹೇಳಿದರು, ಪ್ಯಾಚ್ ಈಗ ಎಲ್ಲಿದೆ, ಎಲ್ಲ ಬಂತು. ನಿಜವಾಗಿ ಪ್ಯಾಚ್ ತೆಗೆದಿದ್ದರೆ ‘ರೋಲ್‌ಬ್ಯಾಕ್’ ಎಂದು ಬರೆ ಎಂದೆ, ಅದನ್ನು ಯಾರೂ ಉತ್ತರವೆಂದುಕೊಳ್ಳುವುದಿಲ್ಲ.

ಉಳಿದದ್ದು ಕೊನೆಯ ಸಾಲು, ‘ದಯವಿಟ್ಟು ಬೇಗ ರಿವರ್ಟ್ ಮಾಡಿ’. ಮ್ಯಾನೇಜರ್ ಏನು ಮಾಡಬೇಕು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಆ ಸಾಲು ಅಳಿಸಿ, ‘ನಾಳೆ 11ರೊಳಗೆ ಲಾಗ್ ನೋಡಲು ಒಬ್ಬ ಡೆವಲಪರ್ ಬೇಕು’ ಎಂದು ಬರೆದ.