ಡಿವಿಡೆಂಡ್ ಬಂತು, ಎನ್‌ಎವಿ ಯಾಕೆ ಇಳಿಯಿತು?

ಮ್ಯೂಚುವಲ್ ಫಂಡ್‌ನವರು ಡಿವಿಡೆಂಡ್ ಕೊಟ್ಟರೆ ಅದು ಮೇಲಿಂದ ಸಿಕ್ಕ ಹಣ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಅದು ನಿಮ್ಮದೇ ಯೂನಿಟ್‌ಗಳ ಒಳಗಿದ್ದ ಹಣ.

ಒಂದು ಲೆಕ್ಕ ಹಾಕೋಣ. ಅಕ್ಕ, ತಮ್ಮ ಇಬ್ಬರೂ ಒಂದೇ ಈಕ್ವಿಟಿ ಫಂಡ್‌ಗೆ ಒಂದೊಂದು ಲಕ್ಷ ಹಾಕುತ್ತಾರೆ. ಅಕ್ಕ ಆರಿಸಿದ್ದು ಲಾಭ ಫಂಡ್‌ನಲ್ಲೇ ಉಳಿಯುವ ಗ್ರೋತ್ ಆಯ್ಕೆ, ತಮ್ಮ ಆರಿಸಿದ್ದು ಆಗಾಗ ಹಣ ಕೈಗೆ ಕೊಡುವ ಡಿವಿಡೆಂಡ್ ಆಯ್ಕೆ. ಎರಡರಲ್ಲೂ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, 50 ರೂಪಾಯಿ ಅಂದುಕೊಳ್ಳಿ, ಇಬ್ಬರಿಗೂ 2,000 ಯೂನಿಟ್. ಕೆಲವು ತಿಂಗಳಲ್ಲಿ ಎನ್‌ಎವಿ 60 ಆಗುತ್ತದೆ, ಇಬ್ಬರ ಹಣವೂ 1,20,000. ಆಗ ಫಂಡ್ ಯೂನಿಟ್‌ಗೆ 6 ರೂಪಾಯಿ ಡಿವಿಡೆಂಡ್ ಘೋಷಿಸುತ್ತದೆ. ತಮ್ಮನ ಪಾಲಿಗೆ 12,000.

ಎನ್‌ಎವಿ ಅಂದರೆ ಫಂಡ್‌ನ ಆಸ್ತಿಯಲ್ಲಿ ಕೊಡಬೇಕಾದ್ದನ್ನು ಕಳೆದು, ಉಳಿದದ್ದನ್ನು ಯೂನಿಟ್‌ಗಳ ಸಂಖ್ಯೆಯಿಂದ ಭಾಗಿಸಿದ ಮೊತ್ತ, ಅಷ್ಟೇ. ಹಣ ಹೊರಗೆ ಹೋಯಿತು, ಯೂನಿಟ್‌ಗಳು ಅಷ್ಟೇ ಇವೆ. ಹಾಗಾಗಿ ತಮ್ಮನ ಎನ್‌ಎವಿ 54ಕ್ಕೆ ಇಳಿಯುತ್ತದೆ. ಯೂನಿಟ್‌ಗಳಲ್ಲಿ 1,08,000, ಜೊತೆಗೆ ಆ 12,000. ಕೂಡಿಸಿದರೆ ಅದೇ 1,20,000! ಅಕ್ಕನ ಎನ್‌ಎವಿ 60ರಲ್ಲೇ ಇದೆ. ವ್ಯತ್ಯಾಸ ಶುರುವಾಗುವುದು ಆಮೇಲೆ: ಮಾರುಕಟ್ಟೆ ಇನ್ನೂ 10% ಏರಿದರೆ ಅಕ್ಕನಿಗೆ ಇಡೀ 1,20,000ದ ಮೇಲೆ ಲಾಭ, ತಮ್ಮನಿಗೆ 1,08,000ದ ಮೇಲೆ ಮಾತ್ರ.

ನನಗೆ ಇದಕ್ಕಿಂತ ಜಾಸ್ತಿ ಚುಚ್ಚುವುದು ತೆರಿಗೆ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರುತ್ತದೆ. ತಮ್ಮ 30% ಸ್ಲ್ಯಾಬ್‌ನಲ್ಲಿದ್ದರೆ 12,000ಕ್ಕೆ 3,600 ತೆರಿಗೆ, ಸೆಸ್ ಬೇರೆ. ಅಕ್ಕನಿಗೂ 12,000 ಬೇಕಾದರೆ 60ರ ಬೆಲೆಗೆ 200 ಯೂನಿಟ್ ಮಾರುತ್ತಾಳೆ. ಅದರಲ್ಲಿ 10,000 ಅವಳೇ ಹಾಕಿದ ಅಸಲು, ಲಾಭ 2,000 ಮಾತ್ರ. ವರ್ಷ ತುಂಬುವ ಮೊದಲೇ ಮಾರಿದರೂ 20% ಲೆಕ್ಕದಲ್ಲಿ ತೆರಿಗೆ 400 ರೂಪಾಯಿ. ಅದೇ ಹಣ ಕೈಗೆ ಬಂತು, ತೆರಿಗೆ ಒಂಬತ್ತರಲ್ಲಿ ಒಂದು ಪಾಲು! ವರ್ಷ ದಾಟಿದ ಮೇಲೆ ಮಾರಿದರೆ, ಅಂಥ ಲಾಭವೆಲ್ಲ ಸೇರಿ ಆ ಆರ್ಥಿಕ ವರ್ಷದಲ್ಲಿ 1.25 ಲಕ್ಷದೊಳಗಿದ್ದರೆ ಅದೂ ಇಲ್ಲ. ತೀರಾ ಕಡಿಮೆ ಆದಾಯ ಇರುವವರಿಗೆ, ತೆರಿಗೆಯೇ ಬರದವರಿಗೆ ಈ ಪೆಟ್ಟು ಬೀಳುವುದಿಲ್ಲ, ನಿಜ.

"ಡಿವಿಡೆಂಡ್ ಬರ್ತಿದೆ, ಬೇಗ ತಗೊಳ್ಳಿ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಿಲ್ಲಿ. ಡಿವಿಡೆಂಡ್ ಯಾರಿಗೆ ಅಂತ ತೀರ್ಮಾನವಾಗುವ ರೆಕಾರ್ಡ್ ದಿನಕ್ಕೆ ಸ್ವಲ್ಪ ಮುಂಚೆ 60ಕ್ಕೆ ಕೊಂಡವರಿಗೆ 6 ರೂಪಾಯಿ ವಾಪಸ್ ಬರುತ್ತದೆ, 54ರ ಯೂನಿಟ್ ಉಳಿಯುತ್ತದೆ. ಲಾಭ ಏನೂ ಇಲ್ಲ, ಆದರೂ ಆ 6 ರೂಪಾಯಿಗೆ ತೆರಿಗೆ ಕಟ್ಟಬೇಕು.

2021ರ ಏಪ್ರಿಲ್‌ನಿಂದ ಸೆಬಿ ಡಿವಿಡೆಂಡ್ ಆಯ್ಕೆಯನ್ನು IDCW ಅಂತ ಕರೆಯಲು ಹೇಳಿದೆ. ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಫಂಡ್ ಹೆಸರಿನ ಕೊನೆಯಲ್ಲಿ ಅದಿದೆಯಾ ನೋಡಿ. ಇದ್ದರೆ ಗ್ರೋತ್‌ಗೆ ಬದಲಾಯಿಸಬಹುದು, ಆದರೆ ಆತುರ ಬೇಡ. ತೆರಿಗೆ ಇಲಾಖೆಯ ಲೆಕ್ಕದಲ್ಲಿ ಆ ಬದಲಾವಣೆಯೂ ಮಾರಾಟವೇ. ಅಲ್ಲಿಯವರೆಗಿನ ಲಾಭಕ್ಕೆ ತೆರಿಗೆ ಬೀಳಬಹುದು, ಹೊಸ ಯೂನಿಟ್‌ಗಳಿಗೆ ಒಂದು ವರ್ಷದ ಎಣಿಕೆಯೂ ಮೊದಲಿಂದ ಶುರುವಾಗುತ್ತದೆ.