ಲೆಕ್ಕ ಬರುತ್ತೆ, ‘ಗಿಂತ’ ಬರಲ್ಲ

ತೀರ್ಥಹಳ್ಳಿ, ಹೊಸನಗರ ಕಡೆಯ ಶಾಲೆಗಳಿಗೆ ಹೋದಾಗ ನಾನು ಮೊದಲು ಗೋಡೆ ನೋಡುತ್ತೇನೆ. ನಾಲ್ಕನೇ ಇಲ್ಲವೇ ಐದನೇ ತರಗತಿಯ ಕೋಣೆಯಲ್ಲಿ ಒಂದು ಚಾರ್ಟ್ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ‘ಒಟ್ಟು ಅಂದರೆ ಕೂಡು. ಉಳಿದದ್ದು ಅಂದರೆ ಕಳೆ. ಹೆಚ್ಚು ಅಂದರೆ ಕೂಡು. ಕಡಿಮೆ ಅಂದರೆ ಕಳೆ.’ ಟೀಚರ್ ಸಂಜೆ ಕೂತು, ಬಣ್ಣದ ಪೆನ್ನಿನಲ್ಲಿ ಬರೆದು, ಸುತ್ತ ಹೂಬಳ್ಳಿ ಹಾಕಿರುತ್ತಾರೆ. ಅದರ ಹಿಂದಿನ ಶ್ರಮ ನನಗೆ ಗೊತ್ತು. ಆದರೂ ಹೇಳಲೇಬೇಕು, ದಯವಿಟ್ಟು ಅದನ್ನು ಇಳಿಸಿ. ಮನೆಯಲ್ಲಿ ಕನ್ನಡ ಮಾತಾಡದ ಮಕ್ಕಳು ತರಗತಿಯಲ್ಲಿದ್ದರಂತೂ ಇವತ್ತೇ ಇಳಿಸಿ.

ಈಗ ನಮ್ಮ ಕಡೆ ಅಂಥ ಮಕ್ಕಳು ಜಾಸ್ತಿ. ತಾಂಡಾಗಳ ಲಂಬಾಣಿ ಮಕ್ಕಳು, ಉರ್ದು ಮನೆಮಾತಿನವರು, ತೋಟದ ಕೆಲಸಕ್ಕೆ ಉತ್ತರದಿಂದ ಬಂದವರ ಮಕ್ಕಳು. ಇವರಿಗೆಲ್ಲ ಕನ್ನಡ ಎರಡನೇ ಭಾಷೆ. ಎಷ್ಟೋ ಮಕ್ಕಳಿಗೆ ಮೂರನೆಯದು.

ಈ ಒಂದು ಲೆಕ್ಕ ನೋಡಿ. ‘ಲಕ್ಷ್ಮಿ ರಾಧಾಳಿಗಿಂತ 4 ಡಬ್ಬ ಅಡಿಕೆ ಹೆಚ್ಚು ಸುಲಿದಳು. ಲಕ್ಷ್ಮಿ ಸುಲಿದದ್ದು 12 ಡಬ್ಬ. ಹಾಗಾದರೆ ರಾಧಾ ಸುಲಿದದ್ದು ಎಷ್ಟು?’

ಜಾರ್ಖಂಡದಿಂದ ಬಂದ ಕುಟುಂಬದ ಒಬ್ಬಳು ಹುಡುಗಿಗೆ ಈ ಲೆಕ್ಕ ಕೊಟ್ಟಿದ್ದೆ. ಐದನೇ ತರಗತಿ. ಮನೆಯಲ್ಲಿ ಹಿಂದಿ. ಮೂರು ವರ್ಷದಿಂದ ಇಲ್ಲೇ ಇದ್ದಾಳೆ, ಕುಂಟೆಬಿಲ್ಲೆ ಆಡುವಾಗ ನಮ್ಮ ಮಕ್ಕಳಷ್ಟೇ ಜೋರಾಗಿ ಕನ್ನಡದಲ್ಲಿ ಜಗಳ ಮಾಡುತ್ತಾಳೆ. ‘16’ ಅಂತ ಬರೆದಳು. ಪಕ್ಕದಲ್ಲಿದ್ದ ಟೀಚರ್, ‘ಕನ್ನಡ ಚೆನ್ನಾಗೇ ಬರುತ್ತೆ ಸರ್, ಲೆಕ್ಕದಲ್ಲೇ ವೀಕು’ ಅಂದರು.

ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆಟದ ಬಯಲಿನ ಕನ್ನಡ ಬೇರೆ, ಲೆಕ್ಕದ ಪುಸ್ತಕದ ಕನ್ನಡ ಬೇರೆ. ಮೊದಲನೆಯದು ಒಂದೆರಡು ವರ್ಷದಲ್ಲಿ ನಾಲಿಗೆಗೆ ಬರುತ್ತದೆ. ಎರಡನೆಯದಕ್ಕೆ ಐದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಕೆನಡಾದ ಭಾಷಾ ಸಂಶೋಧಕ ಜಿಮ್ ಕಮಿನ್ಸ್ ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ವಿವರಿಸಿದ್ದಾರೆ. ಹಾಗಾಗಿ ಮಗು ಸರಾಗವಾಗಿ ಮಾತಾಡಿದ ಮಾತ್ರಕ್ಕೆ ಭಾಷೆಯ ತೊಂದರೆ ಇಲ್ಲ ಅಂತ ತೀರ್ಮಾನ ಮಾಡಬೇಡಿ.

ಮೊದಲು ಮಗು ಎಲ್ಲಿ ಎಡವಿತು ಅಂತ ನೋಡಬೇಕು. ಆಸ್ಟ್ರೇಲಿಯದ ಶಿಕ್ಷಣತಜ್ಞೆ ಆನ್ ನ್ಯೂಮನ್ 1977ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಐದೇ ಮಾತು. ಲೆಕ್ಕ ಓದು. ಏನು ಕೇಳಿದ್ದಾರೆ ಹೇಳು. ಹೇಗೆ ಮಾಡ್ತೀಯ ಹೇಳು. ಮಾಡಿ ತೋರಿಸು. ಉತ್ತರ ಬರೆ. ಮಗು ಯಾವ ಮೆಟ್ಟಿಲಲ್ಲಿ ನಿಂತಿತೋ ತೊಂದರೆ ಅಲ್ಲಿದೆ. ನಮ್ಮ ಹುಡುಗಿ ಲೆಕ್ಕವನ್ನು ತಪ್ಪಿಲ್ಲದೆ ಓದಿದಳು. ‘ಯಾರು ಜಾಸ್ತಿ ಸುಲಿದದ್ದು?’ ಅಂತ ಕೇಳಿದೆ. ‘ರಾಧಾ’ ಅಂದಳು. 12ರಲ್ಲಿ 4 ಕಳೆಯೋದು ಅವಳಿಗೆ ಕಣ್ಣುಮುಚ್ಚಿ ಬರುತ್ತದೆ. ನಿಂತದ್ದು ಎರಡನೇ ಮೆಟ್ಟಿಲಲ್ಲಿ.

‘ರಾಧಾ’ ಅಂತ ಯಾಕಂದಳು? ಅವಳ ಬೆರಳು ‘ರಾಧಾಳಿಗಿಂತ’ ಅನ್ನೋ ಪದದ ಮೇಲಿತ್ತು. ‘ರಾಧಾಳಿಗೆ 4 ಹೆಚ್ಚು’ ಅಂದರೆ ರಾಧಾಳದ್ದು ಜಾಸ್ತಿ. ‘ರಾಧಾಳಿಗಿಂತ 4 ಹೆಚ್ಚು’ ಅಂದರೆ ರಾಧಾಳದ್ದು ಕಡಿಮೆ. ಎರಡಕ್ಕೂ ಇರೋ ವ್ಯತ್ಯಾಸ ಪದದ ಬಾಲದಲ್ಲಿರುವ ಒಂದು ಸಣ್ಣ ತುಣುಕು. ಅಷ್ಟಕ್ಕೆ ಅರ್ಥ ಪೂರ್ತಿ ತಿರುಗಿಬಿಡುತ್ತದೆ. ಕನ್ನಡ ಮನೆಮಾತಿನ ಮಗುವಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ‘ಅಣ್ಣಂಗಿಂತ ನಂಗೆ ಕಮ್ಮಿ ಹಾಕಿದೆ’ ಅಂತ ಊಟದ ತಟ್ಟೆ ಮುಂದೆ ಸಾವಿರ ಸಲ ಹೇಳಿರುತ್ತದೆ. ಹಿಂದಿಯ ಮಗುವಿಗೆ ಅದೇ ಮಾತು ‘ರಾಧಾ ಸೆ ಚಾರ್ ಜ್ಯಾದಾ’. ಅಲ್ಲಿ ‘ಸೆ’ ಬಿಡಿಯಾಗಿ ನಿಂತಿರುತ್ತದೆ, ಕಣ್ಣಿಗೆ ಕಾಣುತ್ತದೆ. ನಮ್ಮ ‘ಗಿಂತ’ ಹೆಸರಿನ ಜೊತೆ ಅಂಟಿಕೊಂಡು ಕಣ್ತಪ್ಪಿ ಹೋಗುತ್ತದೆ. ಆಮೇಲೆ ಗೋಡೆ ಮೇಲಿನ ಚಾರ್ಟ್ ‘ಹೆಚ್ಚು ಅಂದರೆ ಕೂಡು’ ಅನ್ನುತ್ತದೆ. 12ಕ್ಕೆ 4 ಕೂಡಿದರೆ 16. ಮಗು ನಾವು ಹೇಳಿದ್ದನ್ನೇ ಮಾಡಿದೆ.

ಇದು ಬರೀ ಸಣ್ಣ ಮಕ್ಕಳ ತಪ್ಪಲ್ಲ. ಅಮೆರಿಕದಲ್ಲಿ ಲೂಯಿಸ್ ಮತ್ತು ಮೇಯರ್ ಅನ್ನೋ ಸಂಶೋಧಕರು 1987ರಲ್ಲಿ ಇಂಥ ಲೆಕ್ಕಗಳನ್ನು ಕಾಲೇಜು ವಿದ್ಯಾರ್ಥಿಗಳಿಗೇ ಕೊಟ್ಟು ನೋಡಿದರು. ‘ಹೆಚ್ಚು’ ಅನ್ನೋ ಮಾತಿದ್ದು ಕಳೆಯಬೇಕಾಗಿ ಬಂದಾಗ ಅವರೂ ಜಾಸ್ತಿ ತಪ್ಪಿದರು. ಸ್ವಂತ ಭಾಷೆಯಲ್ಲೇ ಜಾರುವ ಜಾಗ ಇದು ಅಂದಮೇಲೆ, ಎರಡನೇ ಭಾಷೆಯಲ್ಲಿ ಓದುವ ಮಗುವಿನ ಪಾಡು ಯೋಚಿಸಿ.

ಹಾಗಾದರೆ ಏನು ಮಾಡೋದು? ನಾನು ಈ ಒಂದೇ ವಾಕ್ಯಕ್ಕೆ ಐದು ಪೀರಿಯಡ್ ಕೊಡುತ್ತೇನೆ. ಜಾಸ್ತಿ ಆಯ್ತು ಅನ್ನಿಸಬಹುದು. ಆದರೆ ಹೋಲಿಕೆಯ ಲೆಕ್ಕ ಏಳನೇ ತರಗತಿವರೆಗೂ ಬೆನ್ನು ಬಿಡುವುದಿಲ್ಲ.

ಮೊದಲ ದಿನ ಅಂಕಿಯೇ ಬೇಡ, ಪುಸ್ತಕವೂ ಬೇಡ. ಇಬ್ಬರು ಮಕ್ಕಳ ಬೊಗಸೆಗೆ ಅಡಿಕೆ ಕೊಡಿ. ಒಬ್ಬರಿಗೆ ಕಣ್ಣಿಗೆ ಕಾಣುವಷ್ಟು ಜಾಸ್ತಿ ಇರಲಿ. ಯಾರ ಹತ್ತಿರ ಹೆಚ್ಚಿದೆ ಅಂತ ಮಕ್ಕಳು ಅವರವರ ಮನೆಮಾತಿನಲ್ಲೇ ಹೇಳಲಿ. ನಿಮಗೆ ಲಂಬಾಣಿ ಬರದಿದ್ದರೂ ಪರವಾಗಿಲ್ಲ, ಮಗು ಯಾರ ಕಡೆ ಕೈ ತೋರಿಸುತ್ತದೆ ಅಂತ ನೋಡಿದರೆ ಸಾಕು. ಆಮೇಲೆ ಬೋರ್ಡಿನ ಮೇಲೆ ಒಂದು ವಾಕ್ಯದ ಅಚ್ಚು ಬರೆಯಿರಿ: ‘____ಗಿಂತ ____ ಹತ್ತಿರ ಹೆಚ್ಚು ಇದೆ.’ ‘ಗಿಂತ’ ಮಾತ್ರ ಕೆಂಪು ಚಾಕ್‌ಪೀಸಿನಲ್ಲಿರಲಿ. ಮಕ್ಕಳು ಹೆಸರು ತುಂಬಿ ಜೋರಾಗಿ ಹೇಳಬೇಕು. ಹೆಸರು ಅದಲುಬದಲು ಮಾಡಿದರೆ ಸುಳ್ಳಾಗುತ್ತದೆ ಅನ್ನೋದು ಅವರಿಗೇ ಗೊತ್ತಾಗಬೇಕು. ‘ಗಿಂತ’ದ ಹಿಂದೆ ಯಾರ ಹೆಸರು ಬರುತ್ತದೋ ಅವರನ್ನು ಇಟ್ಟುಕೊಂಡು ಅಳೆಯುತ್ತಿದ್ದೇವೆ ಅಷ್ಟೇ. ಹೆಚ್ಚಿರೋದು ಇನ್ನೊಬ್ಬರ ಹತ್ತಿರ. ಆ ಪೀರಿಯಡ್ ಪೂರ್ತಿ ಈ ಒಂದಕ್ಕೇ ಇರಲಿ. ‘ಕಡಿಮೆ’ ಬಂದರೂ ಹೀಗೇನಾ ಅಂತ ಯಾರಾದರೂ ಕೇಳಿದರೆ ಖುಷಿಪಡಿ. ಅದಕ್ಕೂ ಅಡಿಕೆ ಹಿಡಿಸಿಯೇ ಉತ್ತರ ಕೊಡಿ.

ಎರಡನೇ ದಿನ ಅಡಿಕೆ ಹಾಳೆಯ ಪಟ್ಟಿ. ಹಾಳೆಯನ್ನು ಎರಡು ಬೆರಳಗಲಕ್ಕೆ ಸೀಳಿ, ಒಂದು ಉದ್ದ ಒಂದು ಗಿಡ್ಡ ಕತ್ತರಿಸಿ. ನೀವು ‘ಲಕ್ಷ್ಮಿ ರಾಧಾಳಿಗಿಂತ ಹೆಚ್ಚು ಸುಲಿದಳು’ ಅನ್ನಿ. ಮಕ್ಕಳು ಎರಡೂ ಪಟ್ಟಿಗಳ ಎಡ ತುದಿ ಸಮ ಮಾಡಿ ಒಂದರ ಕೆಳಗೊಂದು ಇಟ್ಟು, ಯಾವುದು ಯಾರದ್ದು ಅಂತ ಹೆಸರಿನ ಚೀಟಿ ಇಡಬೇಕು. ಎಡ ತುದಿ ಸಮ ಇಲ್ಲದಿದ್ದರೆ ‘ಹೆಚ್ಚು’ ಯಾವ ತುಂಡು ಅಂತ ಕಾಣುವುದಿಲ್ಲ. ಚೀಟಿ ತಪ್ಪಾಗಿ ಇಟ್ಟವರು ಯಾರು ಅಂತ ನಿಮಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಅವರ ಜೊತೆ ಮತ್ತೆ ಮೊದಲ ದಿನದ ಅಡಿಕೆಗೆ ಹೋಗಿ.

ಮೂರನೇ ದಿನ ಲೆಕ್ಕ ಬರುತ್ತದೆ, ಅಂಕಿ ಬಿಟ್ಟು. ‘ಲಕ್ಷ್ಮಿ ರಾಧಾಳಿಗಿಂತ ಕೆಲವು ಡಬ್ಬ ಹೆಚ್ಚು ಸುಲಿದಳು. ಲಕ್ಷ್ಮಿ ಎಷ್ಟು ಸುಲಿದಳು ಅಂತ ನಮಗೆ ಗೊತ್ತು. ರಾಧಾಳದ್ದು ಗೊತ್ತಿಲ್ಲ.’ ಮೂರು ಸಲ ಓದಬೇಕು. ಮೊದಲ ಸಲ ಏನು ನಡೆಯುತ್ತಿದೆ ಅಂತ. ಎರಡನೇ ಸಲ ಯಾವುದು ಗೊತ್ತಿದೆ, ಯಾವುದು ಗೊತ್ತಿಲ್ಲ ಅಂತ. ಮೂರನೇ ಸಲ ಗೊತ್ತಿಲ್ಲದ್ದು ಗೊತ್ತಿರೋದಕ್ಕಿಂತ ಜಾಸ್ತಿನಾ ಕಮ್ಮಿನಾ ಅಂತ. ಅಂಕಿ ಇಲ್ಲದಿದ್ದರೆ ಮಕ್ಕಳಿಗೆ ಕೂಡಿಬಿಡೋಕೆ ಏನೂ ಸಿಗುವುದಿಲ್ಲ. ವಾಕ್ಯ ಓದಲೇಬೇಕಾಗುತ್ತದೆ. ಹೊಸತಾಗಿ ಮಾಡುವವರು ಈ ದಿನವನ್ನೇ ಹಾರಿಸಿಬಿಡುತ್ತಾರೆ, ‘ಅಂಕಿ ಇಲ್ಲದ ಲೆಕ್ಕ ಎಂಥದ್ದು’ ಅಂತ. ದಯವಿಟ್ಟು ಹಾರಿಸಬೇಡಿ.

ನಾಲ್ಕನೇ ದಿನ 12 ಮತ್ತು 4 ಬರುತ್ತವೆ. ಮಕ್ಕಳು ಈಗ ಪಟ್ಟಿಯ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಉದ್ದದ್ದು ಲಕ್ಷ್ಮಿಯದು, 12. ಹೊರಗೆ ಚಾಚಿದ ತುಂಡು 4. ಉಳಿದ ಗಿಡ್ಡ ಪಟ್ಟಿ ರಾಧಾಳದ್ದು, 12 − 4 = 8. ಉತ್ತರ ಬಂದಮೇಲೆ ಅದೇ ಮಾತನ್ನು ತಿರುಗಿಸಿ ಹೇಳಿಸಿ: ‘ರಾಧಾ ಲಕ್ಷ್ಮಿಗಿಂತ 4 ಡಬ್ಬ ಕಡಿಮೆ ಸುಲಿದಳು.’ ಎರಡೂ ಒಂದೇ ಚಿತ್ರ ಅಂತ ಕಂಡಾಗ ಮಕ್ಕಳ ಮುಖ ನೋಡಬೇಕು. ಯಾರಾದರೂ 16 ಅಂದರೆ ತಪ್ಪು ಅನ್ನಬೇಡಿ. ‘ರಾಧಾ 16, ಲಕ್ಷ್ಮಿ 12. ಹಾಗಾದ್ರೆ ಜಾಸ್ತಿ ಸುಲಿದದ್ದು ಯಾರು?’ ಅಂತ ಕೇಳಿ, ವಾಕ್ಯವನ್ನು ಮತ್ತೆ ಓದಿಸಿ. ಅದೇ ದಿನ ಕೂಡಬೇಕಾದ ಲೆಕ್ಕವನ್ನೂ ಪಕ್ಕದಲ್ಲಿ ಕೊಡಿ: ‘ರಾಧಾ 12 ಡಬ್ಬ ಸುಲಿದಳು. ಲಕ್ಷ್ಮಿ ರಾಧಾಳಿಗಿಂತ 4 ಹೆಚ್ಚು ಸುಲಿದಳು. ಲಕ್ಷ್ಮಿ ಎಷ್ಟು?’ ಇಲ್ಲಿ 16 ಸರಿ. ಬರೀ ಕಳೆಯುವ ಲೆಕ್ಕ ಕೊಟ್ಟರೆ ‘ಗಿಂತ ಅಂದರೆ ಕಳೆ’ ಅನ್ನೋ ಹೊಸ ಚಾರ್ಟ್ ಮಕ್ಕಳ ತಲೆಯೊಳಗೆ ಹುಟ್ಟುತ್ತದೆ.

ಐದನೇ ದಿನ ಆಸರೆ ತೆಗೆಯುವ ದಿನ. ಮನೆ ಕಟ್ಟುವಾಗ ಹಾಕಿದ ಸಾರ್ವೆ ಗೋಡೆ ಒಣಗಿದ ಮೇಲೆ ಬಿಚ್ಚಬೇಕಲ್ವಾ, ಹಾಗೇ. ಬೋರ್ಡಿನ ಅಚ್ಚು ಅಳಿಸಿ. ಕೆಂಪು ಚಾಕ್‌ಪೀಸ್ ಬೇಡ. ಡಬ್ಬ, ಅಡಿಕೆ ಬಿಟ್ಟು ಬಸ್ ಚಾರ್ಜು, ಮಳೆ, ವಯಸ್ಸು ಇಂಥ ಬೇರೆ ವಿಷಯ ಕೊಡಿ. ಪಟ್ಟಿ ಬರೆಯೋದು ಬಿಡೋದು ಮಗುವಿನ ಇಷ್ಟ. ನಡುವೆ ಒಂದು ಅರೆಬರೆ ಲೆಕ್ಕ ಸೇರಿಸಿ: ‘ಸಲೀಂ ರವಿಗಿಂತ 5 ಗೋಲಿ ಹೆಚ್ಚು ಗೆದ್ದ. ರವಿ ಎಷ್ಟು ಗೆದ್ದ?’ ‘ಗೊತ್ತಾಗಲ್ಲ ಸರ್, ಸಲೀಮಂದು ಹೇಳಿಲ್ಲ’ ಅಂದ ಮಗು ಓದಿ ಮಾಡುತ್ತಿದೆ. 5 ಅಂತ ಬರೆದ ಮಗು ಇನ್ನೂ ಅಂಕಿ ಹಿಡಿದುಕೊಂಡೇ ಓಡುತ್ತಿದೆ, ಅದಕ್ಕೆ ಮೂರನೇ ದಿನ ಮತ್ತೊಮ್ಮೆ ಬೇಕು.

ಒಂದೆರಡು ಎಚ್ಚರಿಕೆ. ಮನೆಮಾತಿನಲ್ಲಿ ಕೇಳಿದರೂ, ಕೈಯಲ್ಲಿ ಅಡಿಕೆ ಇದ್ದರೂ ಮಗುವಿಗೆ ಹೋಲಿಕೆ ಬರುತ್ತಿಲ್ಲ ಅಂದರೆ ಅದು ಭಾಷೆಯ ತೊಂದರೆ ಆಗಿರಲಿಕ್ಕಿಲ್ಲ. ಆಗ ಈ ಐದು ದಿನದಿಂದ ಪ್ರಯೋಜನ ಕಡಿಮೆ, ಎಣಿಕೆಯಿಂದಲೇ ಶುರು ಮಾಡಬೇಕಾಗಬಹುದು. ಇನ್ನು, ಕೆಲವು ಒಳ್ಳೆಯ ಟೀಚರುಗಳು ಪಾಪ ಮಕ್ಕಳಿಗೆ ಕಷ್ಟ ಅಂತ ಲೆಕ್ಕದ ಭಾಷೆಯನ್ನೇ ಬದಲಿಸುತ್ತಾರೆ. ‘ಲಕ್ಷ್ಮಿ 12. ರಾಧಾ 4 ಕಮ್ಮಿ. ರಾಧಾ ಎಷ್ಟು?’ ಮಗು 8 ಅನ್ನುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ‘ಗಿಂತ’ ಅಲ್ಲಿ ಮಾಯವಾಯಿತು. ಪರೀಕ್ಷೆಯ ಪೇಪರಿನಲ್ಲಿ ಅದು ಮತ್ತೆ ಬರುತ್ತದೆ, ಆಗ ಪಕ್ಕದಲ್ಲಿ ನೀವಿರುವುದಿಲ್ಲ. ವಾಕ್ಯವನ್ನು ಹಾಗೇ ಇಟ್ಟು, ಅದರ ಹತ್ತಿರ ಹೋಗಲು ಮೆಟ್ಟಿಲು ಕೊಡಿ.

ಈ ಐದು ಪೀರಿಯಡ್ ಒಂದು ಬಾಲವನ್ನು ಮಾತ್ರ ಕಲಿಸುತ್ತವೆ. ‘50 ರೂಪಾಯಿ ಇದ್ದ ಟೊಮೆಟೊ 20 ರೂಪಾಯಿ ಇಳಿಯಿತು’, ‘20 ರೂಪಾಯಿಗೆ ಇಳಿಯಿತು’. ಮೊದಲನೆಯದರಲ್ಲಿ ಈಗಿನ ಬೆಲೆ 30, ಎರಡನೆಯದರಲ್ಲಿ 20. ಇಲ್ಲೂ ಒಂದು ‘ಗೆ’ ಎಲ್ಲ ಬದಲಿಸುತ್ತದೆ. ಅದಕ್ಕೆ ಬೇರೆ ಅಚ್ಚು, ಬೇರೆ ಚಿತ್ರ ಬೇಕು. ‘ತಲಾ’ ಅನ್ನೋ ಪದಕ್ಕೂ ಹಾಗೇ.

ಆ ಹುಡುಗಿಯ ಶಾಲೆಗೆ ಎರಡು ವಾರ ಬಿಟ್ಟು ಮತ್ತೆ ಹೋಗಿದ್ದೆ. ಟೀಚರ್ ಚಾರ್ಟ್ ಇಳಿಸಿದ್ದರು, ಆ ಜಾಗದಲ್ಲಿ ಮಕ್ಕಳೇ ಬರೆದ ಲೆಕ್ಕಗಳನ್ನು ಅಂಟಿಸಿದ್ದರು. ಅವಳದ್ದೂ ಇತ್ತು: ‘ಅಮ್ಮ ಅಪ್ಪನಿಗಿಂತ 3 ಡಬ್ಬ ಹೆಚ್ಚು ಸುಲಿದಳು. ಅಮ್ಮ 11 ಡಬ್ಬ. ಅಪ್ಪ ಎಷ್ಟು?’ ‘ಗಿಂತ’ದ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದಳು.